ಪ್ರತಿಜೀವಕ ನಿರೋಧಕತೆ: ಗ್ರಾಮಸಭೆಯ ಮಾತು

ಬ್ಯಾಕ್ಟೀರಿಯಾವನ್ನು ಕೊಲ್ಲುವ ಅಥವಾ ಅದರ ಬೆಳವಣಿಗೆಯನ್ನು ತಡೆಯುವ ಔಷಧಿಗೆ ಪ್ರತಿಜೀವಕ ಎಂದು ಹೆಸರು. ಊರಿನ ಬಾಯಲ್ಲಿ ಅದು ಆಂಟಿಬಯೋಟಿಕ್. ಹಿಂದೆ ಆ ಔಷಧಿಗೆ ಸಾಯುತ್ತಿದ್ದ ರೋಗಾಣು ಈಗ ಅದೇ ಔಷಧಿಯ ನಡುವೆಯೂ ಬದುಕಿ ಬೆಳೆಯುವುದೇ ಪ್ರತಿಜೀವಕ ನಿರೋಧಕತೆ. 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಸಾವುಗಳಿಗೆ ಇದೇ ನೇರ ಕಾರಣ ಎಂದು 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಈ ವಿಷಯವನ್ನು ಹಳ್ಳಿಯ ಸಭೆಯಲ್ಲಿ ತಿಳಿಸಿ ಹೇಳುವ ಭಾಷಣದ ತಿರುಳು, ಅದರ ಹಿಂದಿರುವ ವಿಜ್ಞಾನ, ಮನೆಯವರು ಮಾಡಬಹುದಾದ ಕೆಲಸ ಮತ್ತು ಇಂಥ ಭಾಷಣ ಎಡವುವ ಜಾಗಗಳನ್ನು ಈ ಲೇಖನ ವಿವರಿಸುತ್ತದೆ.

ಕರ್ನಾಟಕದಲ್ಲಿ ಇಂಥ ಮಾತಿಗೆ ವೇದಿಕೆ ಹೊಸದಾಗಿ ಕಟ್ಟಬೇಕಿಲ್ಲ. ಗ್ರಾಮಸಭೆ, ವಾರ್ಡ್ ಸಭೆ, ಸ್ತ್ರೀಶಕ್ತಿ ಸಂಘದ ವಾರದ ಕೂಟ, ಅಂಗನವಾಡಿಯಲ್ಲಿ ಲಸಿಕೆ ಹಾಕುವ ದಿನ, ಡೇರಿ ಮುಂದೆ ಹಾಲು ಹಾಕಲು ಜನ ಸೇರುವ ಬೆಳಗು, ಇವೆಲ್ಲ ಇದ್ದೇ ಇವೆ. ಪ್ರತಿವರ್ಷ ನವೆಂಬರ್ 18ರಿಂದ 24ರವರೆಗೆ ವಿಶ್ವ ಆರೋಗ್ಯ ಸಂಸ್ಥೆ ಈ ವಿಷಯಕ್ಕೆಂದೇ ಜಾಗೃತಿ ಸಪ್ತಾಹ ನಡೆಸುತ್ತದೆ. ಮಾತಾಡುವವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೋ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯೋ ಆಶಾ ಕಾರ್ಯಕರ್ತೆಯೋ ಆಗಿರಬಹುದು. ಸಭೆಯಲ್ಲಿ ಸಿಗುವ ಸಮಯ ಹತ್ತು ಹದಿನೈದು ನಿಮಿಷ. ರಸ್ತೆ, ನೀರು, ಮನೆ ಹಂಚಿಕೆಯ ಮಾತುಗಳ ನಡುವೆ ಸಿಗುವ ಅಷ್ಟೇ ಹೊತ್ತಿನಲ್ಲಿ ಯಾವುದನ್ನು ಹೇಳಬೇಕು ಎಂಬುದೇ ದೊಡ್ಡ ಪ್ರಶ್ನೆ.

ದೇಹವಲ್ಲ, ರೋಗಾಣು

ಭಾಷಣ ಮೊದಲು ಬಿಡಿಸಬೇಕಾದ ಗಂಟು ಒಂದಿದೆ. "ಈ ಮಾತ್ರೆ ನನ್ನ ಮೈಗೆ ಒಗ್ಗಿಹೋಗಿದೆ, ಅದಕ್ಕೇ ಈಗ ಹಿಡಿಯುತ್ತಿಲ್ಲ, ಸ್ವಲ್ಪ ಪವರ್ ಇರೋದು ಕೊಡಿ" ಎಂದು ಔಷಧಿ ಅಂಗಡಿಯಲ್ಲಿ ಕೇಳುವುದು ಸಾಮಾನ್ಯ. ಹೆಂಡ ಕುಡಿಯುವವನಿಗೆ ಹೆಂಡ ಒಗ್ಗಿದಂತೆ ಮೈಗೆ ಔಷಧಿ ಒಗ್ಗುತ್ತದೆ ಎಂಬ ಲೆಕ್ಕ ಅದು. ಹಾಗಿದ್ದರೆ ಮಾತ್ರೆಯನ್ನು ಹೆಚ್ಚು ನುಂಗಿದವನಿಗೆ ಮಾತ್ರ ತೊಂದರೆಯಾಗಬೇಕಿತ್ತು. ವಾಸ್ತವದಲ್ಲಿ ಬದಲಾಗುವುದು ಮೈಯಲ್ಲ, ಮೈಯೊಳಗೆ ವಾಸಿಸುವ ಬ್ಯಾಕ್ಟೀರಿಯಾ. ಅದು ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆ. ಆದ್ದರಿಂದ ಜೀವಮಾನದಲ್ಲಿ ಒಂದೂ ಆಂಟಿಬಯೋಟಿಕ್ ನುಂಗದ ಹಸುಗೂಸಿಗೂ ಔಷಧಿಗೆ ಬಗ್ಗದ ಸೋಂಕು ತಗಲಬಹುದು. ಇದನ್ನು ಸಭೆಗೆ ಮನದಟ್ಟು ಮಾಡಿಸದೆ ಮುಂದೆ ಹೋದರೆ ಉಳಿದ ಮಾತೆಲ್ಲ "ಅವರವರ ಆರೋಗ್ಯ ಅವರವರಿಗೆ" ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಎರಡನೆಯ ಗಂಟು ಇನ್ನೂ ಸೂಕ್ಷ್ಮ. ಔಷಧಿ ರೋಗಾಣುವಿಗೆ ಪಾಠ ಕಲಿಸುತ್ತದೆ, ಅದು ಕಲಿತು ಚುರುಕಾಗುತ್ತದೆ ಎಂದು ಭಾಷಣಕಾರರೇ ಹೇಳುವುದುಂಟು. ಕೇಳಲು ಚೆನ್ನಾಗಿದೆ, ಆದರೆ ಸರಿಯಲ್ಲ. ಬ್ಯಾಕ್ಟೀರಿಯಾ ಎರಡಾಗಿ ಒಡೆದು ಬೆಳೆಯುತ್ತದೆ. ಪ್ರಯೋಗಾಲಯದ ಅನುಕೂಲದಲ್ಲಿ ಕರುಳಿನ ಇ. ಕೋಲೈ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಆ ವೇಗದಲ್ಲಿ ಒಂದು ಕಣ ಎಂಟು ಗಂಟೆಯಲ್ಲಿ ಒಂದೂವರೆ ಕೋಟಿಯನ್ನು ದಾಟುತ್ತದೆ. ಇಷ್ಟೊಂದು ನಕಲು ತೆಗೆಯುವಾಗ ಎಲ್ಲೋ ಒಂದರಲ್ಲಿ ತಪ್ಪು ನುಸುಳುತ್ತದೆ. ಆ ತಪ್ಪಿನಿಂದ ಕೆಲವೊಮ್ಮೆ ಆಕಸ್ಮಿಕವಾಗಿ ಔಷಧಿ ತಾಗದ ಗುಣ ಬಂದುಬಿಡುತ್ತದೆ. ಔಷಧಿ ಬರುವ ಮೊದಲೇ ಅಂಥ ಕಣಗಳು ಗುಂಪಿನಲ್ಲಿ ಇರುತ್ತವೆ ಎಂಬುದನ್ನು 1952ರಲ್ಲಿ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿ ಪ್ರಯೋಗದಿಂದ ತೋರಿಸಿದರು. ಮಖಮಲ್ ಬಟ್ಟೆಯಿಂದ ಒಂದು ತಟ್ಟೆಯ ಬ್ಯಾಕ್ಟೀರಿಯಾ ಗುಂಪುಗಳನ್ನು ಹಾಗೆಹಾಗೆಯೇ ಎತ್ತಿ ಔಷಧಿ ಬೆರೆಸಿದ ತಟ್ಟೆಗಳಿಗೆ ಒತ್ತಿದಾಗ ಪ್ರತಿ ತಟ್ಟೆಯಲ್ಲೂ ಅದೇ ಜಾಗದ ಗುಂಪುಗಳು ಉಳಿದವು. ಅಂದರೆ ಔಷಧಿಯನ್ನು ಕಾಣುವ ಮೊದಲೇ ಅವು ಗಟ್ಟಿಯಾಗಿದ್ದವು. ಔಷಧಿ ಮಾಡಿದ್ದು ಅವುಗಳ ಆಯ್ಕೆಯನ್ನಷ್ಟೇ.

ಮೊರದಲ್ಲಿ ನೂರು ಕಾಳು

ಈ ಆಯ್ಕೆಯನ್ನು ಸಭೆಗೆ ತೋರಿಸಲು ಪ್ರೊಜೆಕ್ಟರ್ ಬೇಡ, ಒಂದು ಮೊರ ಸಾಕು. ಧಾರವಾಡ, ಹಾವೇರಿ ಸೀಮೆಯ ಸಭೆಗೆ ಹೊಂದುವ ಒಂದು ಮಾದರಿ ಹೀಗಿರಬಹುದು:

"ನೋಡ್ರಿ ಅಕ್ಕಾರ, ಈ ಮೊರದಾಗ ನೂರು ಕಾಳ ಅದಾವ. ತೊಂಬತ್ತೊಂಬತ್ತು ಜೋಳ, ಒಂದ ತೊಗರಿ. ಜೋಳ ಅಂದ್ರ ಔಷಧಕ್ಕ ಸಾಯೂ ಹುಳ. ತೊಗರಿ ಅಂದ್ರ ಸಾಯದ್ದು. ಈಗ ನಾ ಮಾತ್ರಿ ನುಂಗೀನಿ ಅಂತ ತಿಳೀರಿ. ತೊಂಬತ್ತು ಜೋಳ ತೆಗದೆ. ಉಳದದ್ದೆಷ್ಟು? ಒಂಬತ್ತು ಜೋಳ, ಒಂದು ತೊಗರಿ. ಜಾಗಾ ಖಾಲಿ ಆತು, ಉಳದದ್ದು ಬೆಳದು ಮತ್ತ ನೂರಾತು. ಈಗ ತೊಗರಿ ಎಷ್ಟಾದ್ವು? ಹತ್ತು."

ಇಷ್ಟಕ್ಕೆ ಸಭೆಯಲ್ಲಿ ಯಾರಾದರೂ ಮುಂದಿನ ಲೆಕ್ಕ ತಾವೇ ಹಾಕತೊಡಗುತ್ತಾರೆ. ಎರಡನೆಯ ಸಲ ಮಾತ್ರೆ ಬಿದ್ದಾಗ 90 ಜೋಳದಲ್ಲಿ 9 ಉಳಿಯುತ್ತದೆ, 10 ತೊಗರಿ ಹಾಗೇ ಇರುತ್ತದೆ. ಆ 19 ಕಾಳು ಮತ್ತೆ ಬೆಳೆದು 100 ಆದರೆ ಅದರಲ್ಲಿ ಸುಮಾರು 53 ತೊಗರಿ. ಮೂರನೆಯ ಸಲ ಮಾತ್ರೆ ಬಿದ್ದ ಮೇಲೆ ಉಳಿಯುವುದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ತೊಗರಿಯೇ. ಒಂದು ಕಾಳನ್ನೂ ಯಾರೂ ಬದಲಿಸಲಿಲ್ಲ, ಒಂದಕ್ಕೂ ಯಾರೂ ಪಾಠ ಹೇಳಲಿಲ್ಲ, ಆದರೂ ಮೊರದ ಬಣ್ಣವೇ ಬದಲಾಯಿತು. ಹತ್ತಿ ಬೆಳೆಯುವ ರೈತರಿಗೆ ಈ ಕಥೆ ಹೊಸದಲ್ಲ. ಕಾಯಿಕೊರಕಕ್ಕೆ ಒಂದೇ ಎಣ್ಣೆಯನ್ನು ಮೇಲಿಂದ ಮೇಲೆ ಹೊಡೆದು, ಕೊನೆಗೆ ಆ ಎಣ್ಣೆಗೆ ಹುಳ ಜಗ್ಗದೆ ಹೋದದ್ದನ್ನು ಅವರು ಹೊಲದಲ್ಲೇ ಕಂಡಿದ್ದಾರೆ. "ಗಿಡದ ಮೈಗೆ ಎಣ್ಣೆ ಒಗ್ಗಿತು" ಎಂದು ಆಗ ಯಾರೂ ಹೇಳಲಿಲ್ಲ, ಹುಳ ಗಟ್ಟಿಯಾಯಿತು ಎಂದೇ ಹೇಳಿದರು. ಆ ಮಾತನ್ನು ನೆನಪಿಸಿದರೆ ಮೊದಲ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಕಾಳಿನ ಆಟಕ್ಕೆ ಮಿತಿಯೂ ಇದೆ, ಅದನ್ನು ಮುಚ್ಚಿಡಬಾರದು. ನಿಜವಾದ ಸೋಂಕಿನಲ್ಲಿ ಔಷಧಿ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಅಳಿದುಳಿದ ಕಣಗಳನ್ನು ದೇಹದ ರೋಗನಿರೋಧಕ ಶಕ್ತಿಯೇ ಗುಡಿಸಿ ಹಾಕುತ್ತದೆ. ಆದ್ದರಿಂದ ಅಗತ್ಯವಿದ್ದಾಗ ಸರಿಯಾದ ಔಷಧಿ ತೆಗೆದುಕೊಂಡವರೆಲ್ಲರಲ್ಲೂ ತೊಗರಿ ತುಂಬಿಬಿಡುವುದಿಲ್ಲ. ಗಟ್ಟಿ ಕಣಗಳು ಹಲವು ಸಲ ಮಿಕ್ಕವಕ್ಕಿಂತ ನಿಧಾನವಾಗಿ ಬೆಳೆಯುತ್ತವೆ, ಹಾಗಾಗಿ ಔಷಧಿಯ ಒತ್ತಡ ಇಲ್ಲದ ಕಡೆ ಅವು ಹಿಂದೆ ಬೀಳುವುದೂ ಉಂಟು. ಇದು ಸಭೆಗೆ ಹೇಳಲೇಬೇಕಾದ ಸಂಗತಿ. ಅನಗತ್ಯ ಮಾತ್ರೆ ಕಡಿಮೆಯಾದರೆ ಅದರ ಗುಣ ಸ್ವಲ್ಪ ಮಟ್ಟಿಗಾದರೂ ಕಾಣುತ್ತದೆ ಎಂಬುದಕ್ಕೆ ಆಧಾರ ಇಲ್ಲಿದೆ.

ನೆಗಡಿಗೆ ನುಂಗಿದ ಮಾತ್ರೆ ಎಲ್ಲಿ ಹೋಗುತ್ತದೆ

ನೆಗಡಿ, ಸಾಮಾನ್ಯ ಕೆಮ್ಮು, ಫ್ಲೂ ಬರುವುದು ವೈರಾಣುವಿನಿಂದ. ಆಂಟಿಬಯೋಟಿಕ್‌ಗೆ ವೈರಾಣು ಸಾಯುವುದಿಲ್ಲ. ಉದಾಹರಣೆಗೆ ಪೆನಿಸಿಲಿನ್ ಜಾತಿಯ ಔಷಧಿಗಳು ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟುವ ಕೆಲಸವನ್ನು ಕೆಡಿಸುತ್ತವೆ. ವೈರಾಣುವಿಗೆ ಅಂಥ ಗೋಡೆಯೇ ಇಲ್ಲ. ಇಲ್ಲಿಯವರೆಗೆ ಎಲ್ಲ ಭಾಷಣಗಳೂ ಬರುತ್ತವೆ. ಆದರೆ ಸಭೆಯಲ್ಲಿ ಜಾಣ ಕೇಳುಗರೊಬ್ಬರು ಎದ್ದು ಕೇಳಬಹುದು: ಕೊಲ್ಲಲು ಅಲ್ಲಿ ಬ್ಯಾಕ್ಟೀರಿಯಾವೇ ಇಲ್ಲದಿದ್ದರೆ ಗಟ್ಟಿಯಾಗುವುದು ಯಾವುದು? ದುಡ್ಡು ದಂಡ ಬಿಟ್ಟರೆ ಮತ್ತೇನು ನಷ್ಟ?

ಇಡೀ ವಿಷಯದ ನಡುಗಂಬ ಈ ಪ್ರಶ್ನೆಯಲ್ಲಿದೆ. ಮಾತ್ರೆ ಮೂಗಿಗೆ ಮಾತ್ರ ಹೋಗುವುದಿಲ್ಲ, ರಕ್ತದ ಜೊತೆ ಇಡೀ ಮೈಯಲ್ಲಿ ಸುತ್ತುತ್ತದೆ, ಕರುಳನ್ನೂ ಮುಟ್ಟುತ್ತದೆ. ನಮ್ಮ ಕರುಳಿನಲ್ಲಿ ಹತ್ತಾರು ಲಕ್ಷ ಕೋಟಿ ಬ್ಯಾಕ್ಟೀರಿಯಾಗಳು ಸದಾ ನೆಲೆಸಿರುತ್ತವೆ. ಹೆಚ್ಚಿನವು ನಿರುಪದ್ರವಿ, ಕೆಲವು ಉಪಕಾರಿ. ನೆಗಡಿಗೆ ನುಂಗಿದ ಮಾತ್ರೆ ವೈರಾಣುವನ್ನು ಬಿಟ್ಟು ಇವುಗಳ ಮೇಲೆ ಬೀಳುತ್ತದೆ. ಮೊರದ ಆಟ ಅಲ್ಲಿ ಶುರುವಾಗುತ್ತದೆ. ಮಾತ್ರೆ ಮುಗಿದು ನೆಗಡಿ ತಾನಾಗಿ ವಾಸಿಯಾಗುವ ಹೊತ್ತಿಗೆ ಕರುಳಿನಲ್ಲಿ ತೊಗರಿ ಹೆಚ್ಚಿರುತ್ತದೆ. ಹೀಗೆ ಒಬ್ಬರ ಮೈಯಲ್ಲಿ ಹೆಚ್ಚಿದ ನಿರೋಧಕತೆ ಚಿಕಿತ್ಸೆಯ ನಂತರದ ಮೊದಲ ತಿಂಗಳಲ್ಲಿ ತೀವ್ರವಾಗಿದ್ದು, ಒಂದು ವರ್ಷದವರೆಗೂ ಉಳಿಯಬಹುದು ಎಂದು 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ತಿಳಿಸಿತು. ಅದೇ ಇ. ಕೋಲೈ ನಾಲ್ಕು ತಿಂಗಳ ನಂತರ ಮೂತ್ರನಾಳಕ್ಕೆ ಇಳಿದು ಉರಿಮೂತ್ರ ತಂದರೆ ಮೊದಲು ಕೊಟ್ಟ ಔಷಧಿ ಹಿಡಿಯುವುದಿಲ್ಲ. ನೆಗಡಿಯ ಮಾತ್ರೆಯ ಸಾಲ ಹೀಗೆ ಉರಿಮೂತ್ರದ ದಿನ ತೀರಿಸಬೇಕಾಗುತ್ತದೆ.

ಇಲ್ಲಿಗೇ ಮುಗಿಯುವುದಿಲ್ಲ. ಬ್ಯಾಕ್ಟೀರಿಯಾಗಳ ಒಳಗೆ ಪ್ಲಾಸ್ಮಿಡ್ ಎಂಬ ಚಿಕ್ಕ ಉಂಗುರದಂಥ ಡಿಎನ್‌ಎ ತುಣುಕುಗಳಿರುತ್ತವೆ. ಔಷಧಿಯನ್ನು ಕತ್ತರಿಸುವ ಕಿಣ್ವದ ವಿದ್ಯೆ ಹಲವು ಸಲ ಈ ಉಂಗುರದಲ್ಲೇ ಬರೆದಿರುತ್ತದೆ. ಒಂದು ಬ್ಯಾಕ್ಟೀರಿಯಾ ಇದನ್ನು ಪಕ್ಕದ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲದು. 1950ರ ದಶಕದಲ್ಲಿ ಜಪಾನಿನ ಆಮಶಂಕೆ ರೋಗಿಗಳಲ್ಲಿ ಒಂದೇ ಏಟಿಗೆ ಹಲವು ಔಷಧಿಗಳಿಗೆ ಬಗ್ಗದ ಶಿಗೆಲ್ಲಾ ಕಾಣಿಸಿಕೊಂಡಾಗ ವಿಜ್ಞಾನಿಗಳು ಹಿಡಿದ ಜಾಡು ಇದೇ. ಬೀಜದ ಕಾಳನ್ನು ನೆರೆಮನೆಗೆ ಕಡ ಕೊಟ್ಟಂತೆ ಎಂದರೆ ಸಭೆಗೆ ಅರ್ಥವಾಗುತ್ತದೆ. ನಿರುಪದ್ರವಿ ಬ್ಯಾಕ್ಟೀರಿಯಾದಲ್ಲಿ ಕೂಡಿಟ್ಟ ಗುಣ ಒಂದು ದಿನ ರೋಗ ತರುವ ಬ್ಯಾಕ್ಟೀರಿಯಾದ ಕೈಸೇರುತ್ತದೆ. ಆಮೇಲೆ ಮಲ, ಚರಂಡಿ, ತೊಳೆಯದ ಕೈ, ಕಲುಷಿತ ನೀರು ಅದನ್ನು ಓಣಿಗೆಲ್ಲ ಹಂಚುತ್ತವೆ. ಶೌಚಾಲಯ ಬಳಸಿ ಸೋಪಿನಲ್ಲಿ ಕೈ ತೊಳೆಯುವುದನ್ನು ಈ ಭಾಷಣದಲ್ಲಿ ಹೇಳುವುದು ಸ್ವಚ್ಛತೆಯ ಪಾಠವನ್ನು ಸುಮ್ಮನೆ ತುರುಕಲೆಂದಲ್ಲ, ಈ ದಾರಿ ಮುಚ್ಚುವುದು ಅಲ್ಲೇ ಎಂಬ ಕಾರಣಕ್ಕೆ.

ಫ್ಲೆಮಿಂಗ್ ಹೇಳಿದ ಸಂಸಾರದ ಕಥೆ

ಈ ವಿಷಯವನ್ನು ಒಂದು ಮನೆಯ ಕಥೆಯಾಗಿ ಹೇಳುವ ಪದ್ಧತಿ ಹಳೆಯದು. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ಡಿಸೆಂಬರಿನಲ್ಲಿ ನೊಬೆಲ್ ಉಪನ್ಯಾಸ ಕೊಡುತ್ತ ಕೊನೆಗೆ ಒಂದು ಕಾಲ್ಪನಿಕ ಪ್ರಸಂಗ ಹೇಳಿದ. ಗಂಟಲು ನೋವು ಬಂದ ಒಬ್ಬ ಗೃಹಸ್ಥ ತಾನೇ ಪೆನಿಸಿಲಿನ್ ಕೊಂಡು ಸಾಕಷ್ಟಲ್ಲದ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಾನೆ. ಗಂಟಲಿನ ಸ್ಟ್ರೆಪ್ಟೊಕಾಕಸ್ ಸಾಯದೆ ಗಟ್ಟಿಯಾಗುತ್ತದೆ. ಅದು ಹೆಂಡತಿಗೆ ತಗಲಿ ನ್ಯುಮೋನಿಯಾ ಆಗುತ್ತದೆ, ಪೆನಿಸಿಲಿನ್ ಕೊಟ್ಟರೂ ಹಿಡಿಯದೆ ಅವಳು ತೀರಿಕೊಳ್ಳುತ್ತಾಳೆ. ಔಷಧಿ ಅಂಗಡಿಯಲ್ಲಿ ಯಾರು ಬೇಕಾದರೂ ಪೆನಿಸಿಲಿನ್ ಕೊಳ್ಳುವ ಕಾಲ ಇನ್ನೂ ಬಾರದಿದ್ದಾಗಲೇ ಆತ ಇದನ್ನು ಊಹಿಸಿದ್ದ.

ಒಂದು ಸ್ವಾರಸ್ಯವೆಂದರೆ, ಫ್ಲೆಮಿಂಗ್ ಹೇಳಿದ ನೀತಿ ನಿಜವಾಯಿತು, ಆದರೆ ಅವನು ಆರಿಸಿದ ರೋಗಾಣುವಿನಲ್ಲಿ ಅಲ್ಲ. ಗಂಟಲು ನೋವು ತರುವ ಆ ಗುಂಪಿನ ಸ್ಟ್ರೆಪ್ಟೊಕಾಕಸ್‌ಗೆ ಇಂದಿಗೂ ಪೆನಿಸಿಲಿನ್ ಕೆಲಸ ಮಾಡುತ್ತದೆ. ಸೋತದ್ದು ಬಾವು, ಕುರು ತರುವ ಸ್ಟ್ಯಾಫಿಲೊಕಾಕಸ್ ಮುಂದೆ. ಪೆನಿಸಿಲಿನ್ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ ಆಸ್ಪತ್ರೆಗಳಲ್ಲಿ ಅದಕ್ಕೆ ಬಗ್ಗದ ಸ್ಟ್ಯಾಫಿಲೊಕಾಕಸ್ ಹರಡಿತು. ಅದನ್ನು ಮಣಿಸಲೆಂದು ತಂದ ಮೆಥಿಸಿಲಿನ್‌ಗೂ ಬಗ್ಗದ ತಳಿ 1961ರಲ್ಲೇ ಇಂಗ್ಲೆಂಡಿನಲ್ಲಿ ವರದಿಯಾಯಿತು. ಎಲ್ಲ ರೋಗಾಣುವೂ ಒಂದೇ ವೇಗದಲ್ಲಿ ಗಟ್ಟಿಯಾಗುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದ್ದರಿಂದಲೇ "ಇನ್ನು ಯಾವ ಔಷಧಿಯೂ ಕೆಲಸ ಮಾಡುವುದಿಲ್ಲ" ಎಂದು ಸಭೆಯನ್ನು ಹೆದರಿಸುವುದು ಸುಳ್ಳು. ಹೆದರಿದ ತಾಯಿ ನಿಜವಾಗಿ ಬೇಕಾದಾಗಲೂ ಔಷಧಿ ಕೊಡದೆ ಕೂತರೆ ಮಗು ಹೋಗುತ್ತದೆ.

ಮನೆಯಲ್ಲಿ ಮೂರು ಸಂದರ್ಭ

ಥಾಯ್ಲೆಂಡಿನಲ್ಲಿ 2007ರಲ್ಲಿ ಆರಂಭವಾದ ಒಂದು ಕಾರ್ಯಕ್ರಮ ಆಂಟಿಬಯೋಟಿಕ್ ಸಾಮಾನ್ಯವಾಗಿ ಬೇಕಿಲ್ಲದ ಮೂರೇ ಸಂದರ್ಭಗಳನ್ನು ಆರಿಸಿಕೊಂಡಿತು: ನೆಗಡಿ–ಗಂಟಲು ನೋವು, ಭೇದಿ, ಸಣ್ಣ ಗಾಯ. ಗ್ರಾಮಸಭೆಯ ಭಾಷಣಕ್ಕೂ ಈ ಮೂರೇ ಸಾಕು. ಹಳ್ಳಿಮನೆಯಲ್ಲಿ ಅನಗತ್ಯ ಮಾತ್ರೆ ಹೊಟ್ಟೆಗಿಳಿಯುವುದು ಹೆಚ್ಚಾಗಿ ಇಲ್ಲೇ.

ಗಾಯದ ಮಾತು ಚಿಕ್ಕದು. ಹರಿಯುವ ನೀರು, ಸೋಪು ಹಾಕಿ ತೊಳೆದು ಒಣ ಬಟ್ಟೆ ಕಟ್ಟಿದರೆ ಸಣ್ಣ ಗಾಯ ಮಾಯುತ್ತದೆ. ಕ್ಯಾಪ್ಸೂಲ್ ಬಿಚ್ಚಿ ಪುಡಿ ಉದುರಿಸುವ ರೂಢಿ ಬಿಡಬೇಕು. ಆಳವಾದ, ಮಣ್ಣು ಮೆತ್ತಿದ ಗಾಯ ಮತ್ತು ನಾಯಿ ಕಡಿತಕ್ಕೆ ತೊಳೆದ ಮೇಲೆ ಆಸ್ಪತ್ರೆಗೇ ಹೋಗಬೇಕು.

ಭೇದಿಗೆ ಅಂಗಡಿಯಲ್ಲಿ ನಾರ್‌ಫ್ಲಾಕ್ಸಾಸಿನ್ ಸೇರಿದ ಮಾತ್ರೆ ಕೊಡುವುದು ವಾಡಿಕೆ. ಮಕ್ಕಳ ನೀರುಭೇದಿಯಲ್ಲಿ ಜೀವ ತೆಗೆಯುವುದು ರೋಗಾಣುವಿಗಿಂತ ಮೈಯಿಂದ ಹೊರಟುಹೋಗುವ ನೀರು ಮತ್ತು ಲವಣ. ಆದ್ದರಿಂದ ಮೊದಲ ಮದ್ದು ಓಆರ್‌ಎಸ್. ಒಂದು ಲೀಟರಿನ ಪ್ಯಾಕೆಟ್ಟನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಮ್ಮೆಲೇ ಕರಗಿಸಬೇಕು, 24 ಗಂಟೆಯೊಳಗೆ ಬಳಸಬೇಕು. ಅರ್ಧ ಪ್ಯಾಕೆಟ್ಟನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ಹೆಚ್ಚಾಗಿ ಕೇಡಾಗುತ್ತದೆ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿ.ಲೀ.ನಷ್ಟು ಚಮಚದಲ್ಲಿ ಕುಡಿಸುತ್ತ ಹೋಗಬೇಕು, ಎದೆಹಾಲು ನಿಲ್ಲಿಸಬಾರದು. ಆಶಾ ಕೊಡುವ ಸತುವಿನ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಕೊಡಬೇಕು. ಮಲದಲ್ಲಿ ರಕ್ತ ಕಂಡರೆ, ಕಣ್ಣು ಗುಳಿಬಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಅದು ನಿಧಾನವಾಗಿ ಹಿಂದೆ ಸರಿದರೆ, ಮಗು ಕುಡಿಯಲಾರದಷ್ಟು ಬಳಲಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ರಕ್ತಭೇದಿಗೆ ಆಂಟಿಬಯೋಟಿಕ್ ಬೇಕಾಗುತ್ತದೆ, ಅದನ್ನು ವೈದ್ಯರು ಆರಿಸಲಿ.

ಹೆಚ್ಚು ಹೊತ್ತು ಕೊಡಬೇಕಾದ್ದು ನೆಗಡಿ–ಕೆಮ್ಮಿಗೆ. ನೆಗಡಿಗೂ ನ್ಯುಮೋನಿಯಾಕ್ಕೂ ಇರುವ ವ್ಯತ್ಯಾಸವನ್ನು ತಾಯಿ ಮನೆಯಲ್ಲೇ ಗುರುತಿಸಬಲ್ಲಳು ಎಂಬುದು ಈ ಭಾಷಣ ಕೊಡಬಹುದಾದ ಅತ್ಯಂತ ಬೆಲೆಬಾಳುವ ವಸ್ತು. ಎರಡು ವರ್ಷದ ಒಂದು ಹೆಣ್ಣುಮಗುವಿನ ಉದಾಹರಣೆ ತೆಗೆದುಕೊಳ್ಳೋಣ. ಮೂಗು ಸೋರುತ್ತಿದೆ, ಕೆಮ್ಮಿದೆ, ಮೈ ಸ್ವಲ್ಪ ಬಿಸಿ. ಸಿಂಬಳ ಮೊದಲ ದಿನ ನೀರಿನಂತಿದ್ದದ್ದು ಮೂರನೆಯ ದಿನ ಹಳದಿಯಾಗಿದೆ. ಹಳದಿ ಕಂಡೊಡನೆ "ಕೀವಾಗಿದೆ, ಆಂಟಿಬಯೋಟಿಕ್ ಬೇಕು" ಎಂದು ಅಜ್ಜಿ ಹೇಳುತ್ತಾಳೆ. ಆದರೆ ವೈರಾಣುವಿನ ನೆಗಡಿಯಲ್ಲೂ ಸಿಂಬಳ ಹಳದಿ, ಹಸಿರು ಆಗುತ್ತದೆ. ಬಣ್ಣವೊಂದನ್ನೇ ನಂಬಬಾರದು. ನಂಬಬೇಕಾದ್ದು ಉಸಿರನ್ನು.

ಮಗು ಅಳದೆ, ಹಾಲು ಕುಡಿಯದೆ ಸುಮ್ಮನಿರುವಾಗ ಅಂಗಿ ಎತ್ತಿ ಹೊಟ್ಟೆ ಏರಿಳಿಯುವುದನ್ನು ಮೊಬೈಲಿನ ಗಡಿಯಾರ ನೋಡಿಕೊಂಡು ಪೂರಾ ಒಂದು ನಿಮಿಷ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ತಪ್ಪಾಗುತ್ತದೆ, ಏಕೆಂದರೆ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದವರೆಗೆ 40. ಈ ಎಣಿಕೆ ಮುಟ್ಟಿದರೆ ಅಥವಾ ದಾಟಿದರೆ ಅದು ವೇಗದ ಉಸಿರು. ನಮ್ಮ ಉದಾಹರಣೆಯ ಮಗುವಿಗೆ ಮೂರನೆಯ ದಿನ 32 ಬಂತು. ಆಟವಾಡುತ್ತಿದೆ, ಗಂಜಿ ಕುಡಿಯುತ್ತಿದೆ. ಮೂಗು ಒರೆಸಿ, ಬೆಚ್ಚಗಿಟ್ಟು, ನೀರು ಆಹಾರ ಕೊಟ್ಟರೆ ಸಾಕು. ಒಂದು ವರ್ಷ ದಾಟಿದೆಯಾದ್ದರಿಂದ ಸ್ವಲ್ಪ ಜೇನುತುಪ್ಪವೂ ಆದೀತು. ಐದನೆಯ ದಿನ ಜ್ವರ ಏರಿ, ಎಣಿಸಿದರೆ 48. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಎದೆ ಒಳಕ್ಕೆ ಸೆಳೆಯುತ್ತಿದೆ. ಈಗ ಮನೆಯಲ್ಲಿ ಕೂರುವ ಹಾಗಿಲ್ಲ. ಆಸ್ಪತ್ರೆಯಲ್ಲಿ ಕೊಡುವ ಅಮಾಕ್ಸಿಸಿಲಿನ್ ಈಗ ಆ ಮಗುವಿಗೆ ಜೀವದಾನ. ಮೂರನೆಯ ದಿನ ಕೊಟ್ಟಿದ್ದರೆ ವ್ಯರ್ಥವಾಗುತ್ತಿದ್ದ ಅದೇ ಔಷಧಿ ಐದನೆಯ ದಿನ ಅನಿವಾರ್ಯ. ಎಣಿಕೆ ಏನೇ ಇರಲಿ, ಮಗು ಏನನ್ನೂ ಕುಡಿಯಲಾರದೆ ಹೋದರೆ, ಕುಡಿದದ್ದನ್ನೆಲ್ಲ ಕಾರಿದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ, ಅಥವಾ ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಕಾಯಬಾರದು. ಸಭೆಯಲ್ಲಿ ಯಾರದಾದರೂ ಮಡಿಲಲ್ಲಿ ಮಲಗಿರುವ ಮಗುವಿನ ಉಸಿರನ್ನು ಎಲ್ಲರೂ ಸೇರಿ ಎಣಿಸಿದರೆ ಉಳಿದ ಭಾಷಣ ಮರೆತರೂ ಇದು ಉಳಿಯುತ್ತದೆ.

"ಕೋರ್ಸ್ ಮುಗಿಸಿ" ಎಂಬ ಮಾತು

ಇಂಥ ಭಾಷಣಗಳಲ್ಲಿ ದೊಡ್ಡ ಅಕ್ಷರದಲ್ಲಿ ಬರುವ ಮಾತು "ಅರ್ಧಕ್ಕೆ ಬಿಡಬೇಡಿ, ಕೋರ್ಸ್ ಮುಗಿಸಿ" ಎಂಬುದು. ವೈದ್ಯರು ಐದು ದಿನ ಎಂದಿದ್ದರೆ ಜ್ವರ ಇಳಿದ ಎರಡನೆಯ ದಿನಕ್ಕೆ ನಿಲ್ಲಿಸಿ ಉಳಿದದ್ದನ್ನು ಡಬ್ಬಿಯಲ್ಲಿ ಎತ್ತಿಡಬಾರದು, ಅದು ಸರಿ. ಆದರೆ ಹೆಚ್ಚು ದಿನ ನುಂಗಿದಷ್ಟೂ ನಿರೋಧಕತೆ ಕಡಿಮೆ ಎಂಬ ಅರ್ಥ ಅದಕ್ಕಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳ ಮೇಲೆ ಪ್ರತಿ ಹೆಚ್ಚುವರಿ ದಿನವೂ ಒತ್ತಡವೇ. ಆದ್ದರಿಂದ ಹಲವು ಸಾಮಾನ್ಯ ಸೋಂಕುಗಳಿಗೆ ವೈದ್ಯಕೀಯ ಈಗ ದಿನಗಳನ್ನು ಮೊದಲಿಗಿಂತ ಕಡಿಮೆ ಮಾಡಿದೆ. ಅದೇ ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳು ಬೇಕು, ಅರ್ಧಕ್ಕೆ ಬಿಟ್ಟರೆ ಔಷಧಿಗೆ ಬಗ್ಗದ ಕ್ಷಯ ಬರುವ ಅಪಾಯ ನಿಜವಾದದ್ದು. ಸ್ಟ್ರೆಪ್ಟೊಕಾಕಸ್ ಗಂಟಲು ನೋವಿಗೆ ಬಾಯಿಯ ಮೂಲಕ ಪೆನಿಸಿಲಿನ್ ಕೊಟ್ಟರೆ ಹೃದಯದ ಕವಾಟ ಕೆಡದಿರಲೆಂದು 10 ದಿನ ಕೊಡುತ್ತಾರೆ. ದಿನಗಳ ಲೆಕ್ಕ ರೋಗದಿಂದ ರೋಗಕ್ಕೆ ಬೇರೆ. ಭಾಷಣದಲ್ಲಿ ಹೇಳಬೇಕಾದ್ದು ಇಷ್ಟು: ಬರೆದುಕೊಟ್ಟಷ್ಟು ದಿನ, ಬರೆದುಕೊಟ್ಟ ಹೊತ್ತಿಗೆ, ಬರೆಸಿಕೊಂಡವರೇ. ಬೇಗ ಗುಣವಾಗಿ ನಿಲ್ಲಿಸಬೇಕೆನಿಸಿದರೆ ಬರೆದುಕೊಟ್ಟವರನ್ನು ಕೇಳಿ ನಿಲ್ಲಿಸುವುದು. ಡಬ್ಬಿಯಲ್ಲಿ ಉಳಿದ ಎರಡು ಮಾತ್ರೆ ಮುಂದಿನ ಸಲ ಯಾರ ಜ್ವರಕ್ಕೂ ಸಾಲದು. ಅವು ಮೊರದಲ್ಲಿ ಜೋಳವನ್ನಷ್ಟೇ ತೆಗೆಯುತ್ತವೆ.

ಪಟ್ಟಿಯ ಮೇಲಿನ ಕೆಂಪು ಗೆರೆ

ತಮ್ಮ ಕೈಯಲ್ಲಿರುವುದು ಆಂಟಿಬಯೋಟಿಕ್ಕೋ ಜ್ವರದ ಮಾತ್ರೆಯೋ ಎಂದು ಗುರುತಿಸಲಾಗದವರಿಗೆ ಉಳಿದ ಸಲಹೆಯಿಂದ ಪ್ರಯೋಜನವಿಲ್ಲ. ಮಾತ್ರೆ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆಯಿದ್ದರೆ ಅದು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದ ಔಷಧಿ ಎಂದು ಭಾರತದ ಆರೋಗ್ಯ ಸಚಿವಾಲಯ 2016ರಿಂದ ಪ್ರಚಾರ ಮಾಡುತ್ತ ಬಂದಿದೆ. ಗುರುತು ಒಳ್ಳೆಯದೇ, ಆದರೆ ಎರಡು ಕೊರತೆ ಇವೆ. ಕೆಂಪು ಗೆರೆ ಆಂಟಿಬಯೋಟಿಕ್ ಅಲ್ಲದ ಬೇರೆ ಔಷಧಿಗಳ ಮೇಲೂ ಇರುತ್ತದೆ. ಇನ್ನೊಂದು, ಹಳ್ಳಿಯ ಅಂಗಡಿಯಲ್ಲಿ ಪಟ್ಟಿಯನ್ನು ಕತ್ತರಿಸಿ ಎರಡು ಮೂರು ಮಾತ್ರೆ ಕಾಗದದಲ್ಲಿ ಸುತ್ತಿ ಕೊಟ್ಟಾಗ ಗೆರೆಯೂ ಹೆಸರೂ ಅಂಗಡಿಯಲ್ಲೇ ಉಳಿಯುತ್ತವೆ. ಪೂರ್ತಿ ಪಟ್ಟಿ ತೋರಿಸಿ ಎಂದು ಕೇಳುವುದು ಗಿರಾಕಿಯ ಹಕ್ಕು. ಕಂಪನಿಯ ಹೆಸರಿನ ಜೊತೆ ಅಚ್ಚಾಗಿರುವ ಮೂಲ ಹೆಸರನ್ನು ಹೈಸ್ಕೂಲು ಓದುವ ಮಗ ಮಗಳು ಓದಿ ಹೇಳಬಲ್ಲರು. ಸಿಲಿನ್, ಮೈಸಿನ್, ಸೈಕ್ಲಿನ್, ಫ್ಲಾಕ್ಸಾಸಿನ್ ಎಂದು ಕೊನೆಯಾಗುವ ಅಥವಾ ಸೆಫ್ ಎಂದು ಶುರುವಾಗುವ ಹೆಸರುಗಳು ಸಾಮಾನ್ಯವಾಗಿ ಆಂಟಿಬಯೋಟಿಕ್‌ಗಳು. ಅಮಾಕ್ಸಿಸಿಲಿನ್, ಅಜಿಥ್ರೊಮೈಸಿನ್, ಡಾಕ್ಸಿಸೈಕ್ಲಿನ್, ಸಿಪ್ರೋಫ್ಲಾಕ್ಸಾಸಿನ್, ಸೆಫಿಕ್ಸಿಮ್ ಇವೆಲ್ಲ ಹಾಗೆ. ಪ್ಯಾರಾಸಿಟಮಾಲ್ ಆಂಟಿಬಯೋಟಿಕ್ ಅಲ್ಲ.

ಕಾನೂನು ಇದೆ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ ಔಷಧಿಗಳನ್ನು ಮಾರುವಾಗ ಅಂಗಡಿಯವರು ವೈದ್ಯರ ಹಾಗೂ ರೋಗಿಯ ಹೆಸರು, ಔಷಧಿಯ ಪ್ರಮಾಣವನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಆದರೆ ಸಭೆಯಲ್ಲಿ ಕಾನೂನು ಓದಿ ಜನರನ್ನು ಗದರಿಸುವುದರಿಂದ ಏನೂ ಆಗದು. ಕೂಲಿ ಬಿಟ್ಟು, ಬಸ್ಸಿಗೆ ಕಾದು, ಆಸ್ಪತ್ರೆಗೆ ಹೋಗುವ ದಿನ ಒಂದು ದಿನದ ದುಡಿಮೆ ಹೋಗುತ್ತದೆ. ಅಂಗಡಿ ಮನೆಯ ಪಕ್ಕದಲ್ಲೇ ಇದೆ. ಹಾಗಾಗಿ ಭಾಷಣಕಾರರು ಉಪಕೇಂದ್ರ ಎಷ್ಟು ಹೊತ್ತಿಗೆ ತೆರೆದಿರುತ್ತದೆ, ಅಲ್ಲಿ ಯಾವ ಔಷಧಿ ಉಚಿತವಾಗಿ ಸಿಗುತ್ತದೆ, ರಾತ್ರಿ ಮಗುವಿಗೆ ಉಸಿರಾಟ ಕಷ್ಟವಾದರೆ ಯಾರನ್ನು ಕರೆಯಬೇಕು ಎಂಬುದನ್ನು ಮೊದಲೇ ವಿಚಾರಿಸಿಕೊಂಡು ಬಂದಿರಬೇಕು. ಆ ಮೂರು ಉತ್ತರಗಳಿಲ್ಲದೆ ಅಂಗಡಿಗೆ ಹೋಗಬೇಡಿ ಎನ್ನುವುದು ನ್ಯಾಯವಲ್ಲ ಎಂಬುದು ಈ ಲೇಖಕನ ಅಭಿಪ್ರಾಯ.

ಹೆಪ್ಪು ಹಿಡಿಯದ ಹಾಲು

ಹಳ್ಳಿಯಲ್ಲಿ ಆಂಟಿಬಯೋಟಿಕ್ ಬರೀ ಮನುಷ್ಯರಿಗೆ ಸೇರಿದ್ದಲ್ಲ. ಆಕಳಿನ ಕೆಚ್ಚಲು ಬಾವಿಗೆ ಮೊಲೆಯೊಳಗೆ ಔಷಧಿ ಏರಿಸುತ್ತಾರೆ, ಇಂಜೆಕ್ಷನ್ ಕೊಡುತ್ತಾರೆ. ಅದರ ಅಂಶ ಕೆಲವು ದಿನ ಹಾಲಿನಲ್ಲಿ ಬರುತ್ತದೆ. ಇದಕ್ಕೆ ಪ್ರಯೋಗಾಲಯದ ಸಾಕ್ಷಿಗಿಂತ ಮೊದಲು ಅಡುಗೆಮನೆಯ ಸಾಕ್ಷಿ ಇದೆ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕೂರುವುದಿಲ್ಲ, ಏಕೆಂದರೆ ಮೊಸರು ಮಾಡುವುದೂ ಬ್ಯಾಕ್ಟೀರಿಯಾವೇ, ಔಷಧಿ ಅದನ್ನೂ ತಡೆಯುತ್ತದೆ. ಸಭೆಯ ಹೆಂಗಸರಲ್ಲಿ ಇದನ್ನು ಕಂಡವರು ಇದ್ದೇ ಇರುತ್ತಾರೆ, ಚಳಿಗೆ ಹಾಗಾಯಿತೆಂದು ಸುಮ್ಮನಾಗಿರುತ್ತಾರೆ. ಚಳಿಗೂ ಹೆಪ್ಪು ಹಿಡಿಯದಿರಬಹುದು, ಆದ್ದರಿಂದ ಇದೊಂದೇ ಪರೀಕ್ಷೆ ಸಾಲದು. ಆದರೆ ಆಕಳಿಗೆ ಚಿಕಿತ್ಸೆ ನಡೆದಿದ್ದರೆ ಇದು ಎಚ್ಚರಿಕೆಯ ಗುರುತು.

ಹಾಲನ್ನು ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಔಷಧಿಯ ಅಂಶ ಪೂರ್ತಿ ಹೋಗುತ್ತದೆಂದು ನಂಬುವಂತಿಲ್ಲ. ಆದ್ದರಿಂದ ಔಷಧಿಯ ಡಬ್ಬಿಯ ಮೇಲೆ ಬರೆದಷ್ಟು ದಿನ ಹಾಲನ್ನು ಡೇರಿಗೆ ಹಾಕಬಾರದು, ಮನೆಯಲ್ಲೂ ಬಳಸಬಾರದು, ಕರುವಿಗೂ ಕುಡಿಸಬಾರದು. ಡಬ್ಬಿಯ ಮೇಲೆ ಅವಧಿ ಬರೆದಿಲ್ಲದಿದ್ದರೆ ಹಾಲಿಗೆ ಕನಿಷ್ಠ 7 ದಿನ ಎಂದು ಭಾರತದ ಔಷಧಿ ನಿಯಮ ಹೇಳುತ್ತದೆ. ಒಂದು ಆಕಳಿನ ವಾರದ ಹಾಲು ಚೆಲ್ಲುವುದೆಂದರೆ ಸಣ್ಣ ರೈತನಿಗೆ ದೊಡ್ಡ ಪೆಟ್ಟು. ಅದಕ್ಕೇ ಬಾವು ಬಾರದಂತೆ ನೋಡಿಕೊಳ್ಳುವುದು ಅಗ್ಗ: ಕರೆಯುವ ಮೊದಲು ಕೆಚ್ಚಲು ತೊಳೆದು ಒರೆಸುವುದು, ಕರೆದ ಮೇಲೆ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುವುದು, ಬಾವು ಬಂದ ಆಕಳನ್ನು ಕೊನೆಗೆ ಕರೆಯುವುದು. ಮನುಷ್ಯರಿಗೆ ಕಟ್ಟಕಡೆಯ ಆಸರೆಯಾಗಿರುವ ಕೊಲಿಸ್ಟಿನ್ ಔಷಧಿಯನ್ನು ಆಹಾರಕ್ಕಾಗಿ ಸಾಕುವ ಕೋಳಿ, ಜಾನುವಾರುಗಳಿಗೆ ಬಳಸುವುದನ್ನು ಭಾರತ 2019ರಲ್ಲಿ ನಿಷೇಧಿಸಿತು.

ಸಭೆ ಮುಗಿದ ಮೇಲೆ

ಒಂದು ಭಾಷಣದಿಂದ ತಿಳಿವಳಿಕೆ ಹೆಚ್ಚುತ್ತದೆ, ನಡವಳಿಕೆ ಅಷ್ಟೇ ಸುಲಭವಾಗಿ ಬದಲಾಗುವುದಿಲ್ಲ. ಕೆಲವೊಮ್ಮೆ ತಿರುಗುಬಾಣವೂ ಆಗುತ್ತದೆ: ಆಂಟಿಬಯೋಟಿಕ್ ಎಂಬ ಹೆಸರನ್ನೇ ಕೇಳಿರದವರು ಸಭೆಯಲ್ಲಿ ಅದರ ಶಕ್ತಿಯ ವರ್ಣನೆ ಕೇಳಿ ಮರುದಿನ ಅಂಗಡಿಯಲ್ಲಿ ಅದನ್ನೇ ಕೇಳಬಹುದು. ಆದ್ದರಿಂದ ಭಾಷಣದಲ್ಲಿ ಔಷಧಿಯ ಹೊಗಳಿಕೆಗಿಂತ ಉಸಿರಿನ ಎಣಿಕೆ, ಓಆರ್‌ಎಸ್ ಕಲಸುವ ಬಗೆ ಮುಂದಿರಬೇಕು.

ಮಾತು ತಾಗಿತೇ ಎಂದು ತಿಳಿಯಲು ಸಭೆಯಲ್ಲಿ ಬಿದ್ದ ಚಪ್ಪಾಳೆ ಅಳತೆಯಲ್ಲ. ಎರಡು ಮೂರು ತಿಂಗಳ ನಂತರ ಆಶಾ ಕಾರ್ಯಕರ್ತೆ ಮನೆ ಭೇಟಿಗೆ ಹೋದಾಗ ಮೂರು ಸಂಗತಿ ನೋಡಬಹುದು. ದೇವರ ಗೂಡಿನ ಪಕ್ಕವೋ ಟಿ.ವಿ. ಮೇಲೋ ಇರುವ ಔಷಧಿ ಡಬ್ಬಿಯಲ್ಲಿ ಅರ್ಧ ಕತ್ತರಿಸಿದ ಆಂಟಿಬಯೋಟಿಕ್ ಪಟ್ಟಿ ಇದೆಯೇ, ಕಳೆದ ಸಲ ಮಗುವಿಗೆ ಭೇದಿಯಾದಾಗ ಮೊದಲು ಕೊಟ್ಟದ್ದೇನು, ಮತ್ತು ತಾಯಿ ಮಗುವಿನ ಉಸಿರನ್ನು ಒಂದು ನಿಮಿಷ ಎಣಿಸಿ ತೋರಿಸಬಲ್ಲಳೇ. ಡಬ್ಬಿ ತೆರೆಸುವಾಗ ಪೊಲೀಸರಂತೆ ಹುಡುಕಬಾರದು. "ಅಕ್ಕ, ಈ ಮಾತ್ರೆ ಯಾವಾಗ ತಂದದ್ದು, ಯಾರಿಗೆ?" ಎಂದು ಕೇಳಿದರೆ ಸಾಕು, ಆ ಪಟ್ಟಿಯ ಹಿಂದಿನ ಕಥೆ ತಾನಾಗಿ ಹೊರಬರುತ್ತದೆ: ಯಾವ ದಿನ ಬಸ್ಸು ಸಿಗಲಿಲ್ಲ, ಎಷ್ಟು ಹೊತ್ತಿಗೆ ಉಪಕೇಂದ್ರಕ್ಕೆ ಬೀಗ ಬಿದ್ದಿತ್ತು, ಕೈಯಲ್ಲಿ ಎಷ್ಟು ರೂಪಾಯಿ ಇತ್ತು. ಮುಂದಿನ ಗ್ರಾಮಸಭೆಯಲ್ಲಿ ಪಂಚಾಯಿತಿಯ ಮುಂದೆ ಇಡಬೇಕಾದ ಅಹವಾಲು ಆ ಉತ್ತರಗಳಲ್ಲೇ ಇರುತ್ತದೆ.